ಡಾಂಚಿಯನ್ ಚಾನೆಲ್ ಬ್ರೇಕೌಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಹೈ ಬಂದಾಗ ಕೊಳ್ಳುವ ಹಳೆಯ ನಿಯಮದ ಬಗ್ಗೆ ಮಾತಿನಲ್ಲಿ, ಪತ್ರಗಳಲ್ಲಿ, ಕಾಮೆಂಟ್‌ಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ. ಉದಾಹರಣೆಗಳಿಗೆ ಹೆಚ್ಚಾಗಿ ಕಮಾಡಿಟಿ ಎಕ್ಸ್‌ಚೇಂಜ್ ಆದ ಎಂಸಿಎಕ್ಸ್‌ನ ಕ್ರೂಡ್ ಆಯಿಲ್ ಮಿನಿ ಕಾಂಟ್ರಾಕ್ಟ್ ತೆಗೆದುಕೊಂಡಿದ್ದೇನೆ. ಒಂದು ಲಾಟ್ ಅಂದರೆ 10 ಬ್ಯಾರೆಲ್. ಹಾಗಾಗಿ ಬೆಲೆ ಒಂದು ರೂಪಾಯಿ ಅಲುಗಾಡಿದರೆ ನಮಗೆ ಹತ್ತು ರೂಪಾಯಿ. ಉದಾಹರಣೆಯ ಬೆಲೆಗಳು ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು.

## ಮೊದಲು ತಿಳಿಯಬೇಕಾದ್ದು

ಡಾಂಚಿಯನ್ ಚಾನೆಲ್ ಅಂದ್ರೆ ಏನು? ಎರಡು ಗೆರೆ ಬಿಟ್ರೆ ನನಗೇನೂ ಕಾಣ್ತಿಲ್ಲ.

ಇರುವುದೇ ಎರಡು ಗೆರೆ. ಕಳೆದ 20 ದಿನಗಳಲ್ಲಿ ಬೆಲೆ ಮುಟ್ಟಿದ ಅತಿ ಎತ್ತರದ ಜಾಗ ಮೇಲಿನ ಗೆರೆ. ಅದೇ 20 ದಿನಗಳಲ್ಲಿ ಮುಟ್ಟಿದ ಅತಿ ಕೆಳಗಿನ ಜಾಗ ಕೆಳಗಿನ ಗೆರೆ. ಕೆಲವು ಚಾರ್ಟ್‌ಗಳು ಇವೆರಡರ ನಡುವೆ ಮೂರನೆಯ ಗೆರೆಯನ್ನೂ ಎಳೆಯುತ್ತವೆ. ಅದು ಬರೀ ಎರಡರ ಸರಾಸರಿ, ಮೂಲ ನಿಯಮದಲ್ಲಿ ಅದಕ್ಕೆ ಕೆಲಸವಿಲ್ಲ.

ಮೇಲಿನ ಗೆರೆ ಮೆಟ್ಟಿಲಿನ ಹಾಗೆ ಕಾಣುತ್ತದೆ. ಹೊಸ ಹೈ ಬಂದ ದಿನ ಮೇಲೇರುತ್ತದೆ, ಆಮೇಲೆ ಎಷ್ಟೋ ದಿನ ಮಟ್ಟವಾಗಿ ಓಡುತ್ತದೆ. ಆ ಹೈ 20 ದಿನದ ಲೆಕ್ಕದಿಂದ ಹೊರಗೆ ಬಿದ್ದ ದಿನ ಗೆರೆ ಕೆಳಗಿಳಿಯುತ್ತದೆ, ಅವತ್ತು ಬೆಲೆ ಸುಮ್ನೆ ನಿಂತಿದ್ದರೂ ಸರಿ. ಇದನ್ನು ಗಮನಿಸಿ. ಗೆರೆ ಇಳಿದ ಮಾತ್ರಕ್ಕೆ ಮಾರುಕಟ್ಟೆ ಬಿದ್ದಿದೆ ಅಂತಲ್ಲ.

ನಿಯಮ ಇಷ್ಟೇ: ಬೆಲೆ ಮೇಲಿನ ಗೆರೆಯನ್ನು ದಾಟಿದರೆ ಕೊಳ್ಳಿ, ಕೆಳಗಿನ ಗೆರೆಯನ್ನು ದಾಟಿದರೆ ಮಾರಿ. ಹೀಗೆ ಗೆರೆ ದಾಟುವುದೇ ಬ್ರೇಕೌಟ್.

ಈ ಡಾಂಚಿಯನ್ ಯಾರು? 20 ಅನ್ನೋ ಸಂಖ್ಯೆ ಎಲ್ಲಿಂದ ಬಂತು?

ರಿಚರ್ಡ್ ಡಾಂಚಿಯನ್ 1905ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ, ಆರ್ಮೇನಿಯಾದಿಂದ ಬಂದ ಕುಟುಂಬದಲ್ಲಿ ಹುಟ್ಟಿದವರು. ಓದಿದ್ದು ಯೇಲ್‌ನಲ್ಲಿ. 1949ರಲ್ಲಿ ಸಾರ್ವಜನಿಕರ ಹಣವನ್ನು ಕಮಾಡಿಟಿ ಫ್ಯೂಚರ್ಸ್‌ನಲ್ಲಿ ತೊಡಗಿಸುವ ಫಂಡ್ ಶುರು ಮಾಡಿದರು. ಆ ಬಗೆಯ ಫಂಡ್‌ಗಳಲ್ಲಿ ಅದೇ ಮೊದಲನೆಯದು ಎನ್ನುತ್ತಾರೆ. ತೀರಿಕೊಂಡಿದ್ದು 1993ರಲ್ಲಿ.

ಅವರು ಹೇಳಿದ್ದು 20 ದಿನ ಅಂತ ಅಲ್ಲ, ನಾಲ್ಕು ವಾರ ಅಂತ. ಹಿಂದಿನ ನಾಲ್ಕು ಪೂರ್ತಿ ವಾರಗಳ ಹೈ ದಾಟಿದರೆ ಬೆಲೆ ಇಳಿಯುತ್ತದೆಂದು ಮೊದಲೇ ಮಾರಿಟ್ಟ ಶಾರ್ಟ್ ಇದ್ದರೆ ಮುಚ್ಚಿ ಕೊಳ್ಳಿ, ನಾಲ್ಕು ವಾರಗಳ ಲೋ ದಾಟಿದರೆ ಕೊಂಡಿದ್ದನ್ನು ಬಿಟ್ಟು ಶಾರ್ಟ್ ಮಾಡಿ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕಾಗದ ಪೆನ್ಸಿಲ್ ಹಿಡಿದು ಪಾಲಿಸಬಹುದಾದ ನಿಯಮ ಅದು. ವಾರಕ್ಕೆ ಐದು ದಿನ ವಹಿವಾಟು, ನಾಲ್ಕು ವಾರಕ್ಕೆ 20. ಇವತ್ತಿನ ಚಾರ್ಟ್‌ಗಳಲ್ಲಿ 20 ಮೊದಲೇ ತುಂಬಿಕೊಂಡು ಬರುವುದು ಹೀಗೆ.

ಹೆಸರು ಮನೆಮಾತಾಗಿದ್ದು ಮಾತ್ರ ಷಿಕಾಗೋದ ಟರ್ಟಲ್‌ಗಳಿಂದ. ಟ್ರೇಡಿಂಗ್ ಕಲಿಸಿದರೆ ಬರುತ್ತದೋ ಇಲ್ಲವೋ ಎಂದು ಅಲ್ಲಿನ ಟ್ರೇಡರ್‌ಗಳಾದ ರಿಚರ್ಡ್ ಡೆನಿಸ್ ಮತ್ತು ವಿಲಿಯಂ ಎಕ್‌ಹಾರ್ಟ್ ನಡುವೆ ವಾದ ಆಯಿತು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಜನರನ್ನು ಆರಿಸಿ, 1983ರ ಕೊನೆಗೆ ತರಬೇತಿ ಕೊಟ್ಟರು. ಹೀಗೆ ಕಲಿತವರೇ ಟರ್ಟಲ್‌ಗಳು. ಅವರಿಗೆ ಕಲಿಸಿದ್ದರ ಬೆನ್ನೆಲುಬು ಇದೇ ಚಾನೆಲ್. ಡಾಂಚಿಯನ್ ಅವರಂತೆ ಸದಾ ಮಾರುಕಟ್ಟೆಯೊಳಗೇ ಇರುವ ಬದಲು, ಹೊರಗೆ ಬರಲು ಬೇರೆಯೇ ಒಂದು ಸಣ್ಣ ಚಾನೆಲ್ ಇಟ್ಟುಕೊಂಡರು.

ಅಷ್ಟು ಮೇಲೆ ಹೋದ ಮೇಲೆ ಕೊಳ್ಳೋದು ದಡ್ಡತನ ಅಲ್ವಾ? ಅಗ್ಗ ಇದ್ದಾಗ ಕೊಳ್ಳಬೇಕು ತಾನೇ?

ಅಕ್ಕಿ, ಬೇಳೆ ಕೊಳ್ಳುವಾಗ ಖಂಡಿತ ಹೌದು. ಇಲ್ಲಿ ನಾವು ಕೊಳ್ಳುತ್ತಿರುವುದು ಉಪಯೋಗಿಸಲು ಅಲ್ಲ. ಬೆಲೆ ಇದೇ ದಿಕ್ಕಿನಲ್ಲಿ ಇನ್ನಷ್ಟು ದೂರ ಹೋದರೆ ಅದರ ಜೊತೆ ಹೋಗಲು ಕೊಳ್ಳುತ್ತಿದ್ದೇವೆ. ಯಾವ ದೊಡ್ಡ ಏರಿಕೆಯೂ 20 ದಿನದ ಹೈ ದಾಟದೆ ಆಗುವುದಿಲ್ಲ. ದುಪ್ಪಟ್ಟಾಗಬೇಕಾದ ಬೆಲೆ ದಾರಿಯಲ್ಲಿ ಆ ಗೆರೆಯನ್ನು ದಾಟಲೇಬೇಕು. ಹಾಗಾಗಿ ಎಲ್ಲ ಬ್ರೇಕೌಟ್‌ಗಳನ್ನೂ ತೆಗೆದುಕೊಂಡವನಿಗೆ ದೊಡ್ಡ ಟ್ರೆಂಡ್ ತಪ್ಪುವುದಿಲ್ಲ.

ತಿರುಗಿಸಿ ಹೇಳಿದರೆ ಮಾತ್ರ ಇದು ಸುಳ್ಳು. ಗೆರೆ ದಾಟಿದ್ದೆಲ್ಲ ದೊಡ್ಡ ಟ್ರೆಂಡ್ ಆಗುವುದಿಲ್ಲ, ಹೆಚ್ಚಿನವು ಆಗುವುದಿಲ್ಲ. ಆ ಸೋಲುಗಳನ್ನು ಸಣ್ಣದಾಗಿ ಇಡಬೇಕು, ಗೆದ್ದದ್ದನ್ನು ಅವಸರದಲ್ಲಿ ಮಾರಬಾರದು. ನಿಯಮದ ಹೊಟ್ಟೆಪಾಡು ನಡೆಯುವುದೇ ಇವೆರಡರ ನಡುವೆ.

ಬೊಲ್ಲಿಂಜರ್ ಬ್ಯಾಂಡ್‌ಗೂ ಇದಕ್ಕೂ ಏನು ವ್ಯತ್ಯಾಸ?

ಬೊಲ್ಲಿಂಜರ್ ಗೆರೆಗಳು ಸರಾಸರಿಯಿಂದ ಲೆಕ್ಕ ಹಾಕಿದವು. ಆ ಮಟ್ಟದಲ್ಲಿ ಹಿಂದೆ ವ್ಯಾಪಾರವೇ ನಡೆದಿರಲಿಕ್ಕಿಲ್ಲ. ಡಾಂಚಿಯನ್ ಗೆರೆ ನಿಜವಾಗಿ ಯಾರೋ ಕೊಟ್ಟ, ಯಾರೋ ತೆಗೆದುಕೊಂಡ ಬೆಲೆ. ಬೊಲ್ಲಿಂಜರ್ ಗೆರೆ ವಹಿವಾಟಿನ ನಡುವೆಯೇ ಜರುಗುತ್ತಿರುತ್ತದೆ. ಡಾಂಚಿಯನ್ ಗೆರೆ ಹಿಂದಿನ ರಾತ್ರಿಯೇ ಗೊತ್ತಿರುತ್ತದೆ, ಆರ್ಡರ್ ಹಾಕಿಟ್ಟು ನಿಮ್ಮ ಕೆಲಸಕ್ಕೆ ಹೋಗಬಹುದು.

## ನಿಯಮವನ್ನು ಪಾಲಿಸುವಾಗ

ನನ್ನ ಚಾರ್ಟ್‌ನಲ್ಲಿ ಬೆಲೆ ಮೇಲಿನ ಗೆರೆಯನ್ನ ದಾಟೋದೇ ಇಲ್ಲ. ಬರೀ ತಾಗಿ ನಿಲ್ಲುತ್ತೆ. ಯಾಕೆ?

ಚಾರ್ಟ್ ಇವತ್ತಿನ ಕ್ಯಾಂಡಲನ್ನೂ 20ರಲ್ಲಿ ಸೇರಿಸಿಕೊಂಡಿದೆ. ಇವತ್ತು ಬೆಲೆ ಮೇಲೆ ಹೋದರೆ ಗೆರೆಯೂ ಅದರ ಜೊತೆಗೇ ಮೇಲೆ ಹೋಗುತ್ತದೆ. ಮತ್ತೆ ದಾಟುವುದು ಎಲ್ಲಿಂದ ಬರಬೇಕು? ಹೆಚ್ಚಿನ ಚಾರ್ಟ್‌ಗಳಲ್ಲಿ ಸಿದ್ಧವಾಗಿ ಸಿಗುವ ಡಾಂಚಿಯನ್ ಹೀಗೇ ಇರುತ್ತದೆ. ನೋಡಲು ಅಂದ, ನಿಯಮಕ್ಕೆ ಮಾತ್ರ ಅದು ಆಗುವುದಿಲ್ಲ.

ನಮಗೆ ಬೇಕಾದ್ದು ನಿನ್ನೆಗೆ ಮುಗಿದ 20 ದಿನಗಳ ಹೈ. ಚಾನೆಲನ್ನು ಒಂದು ದಿನ ಬಲಕ್ಕೆ ಸರಿಸಿದರೆ ಸಾಕು. ಪೈಥಾನ್‌ನಲ್ಲಿ ಬರೆಯುವವರಿಗೆ ಅದು ಕೊನೆಯ `shift(1)`. `lower`ನಲ್ಲಿ 10 ಇರುವುದು ಹೊರಗೆ ಬರಲು ಇಟ್ಟುಕೊಳ್ಳುವ ಸಣ್ಣ ಚಾನೆಲ್‌ಗಾಗಿ:

```python
df["upper"] = df["high"].rolling(20).max().shift(1)
df["lower"] = df["low"].rolling(10).min().shift(1)
df["entry"] = df["high"] > df["upper"]
```

ತಪ್ಪು ಇದೆಯೋ ಇಲ್ಲವೋ ತಿಳಿಯುವುದು ಸುಲಭ. `shift(1)` ಬಿಟ್ಟು ಓಡಿಸಿದರೆ `entry` ಒಂದು ಸಲವೂ ನಿಜ ಆಗುವುದಿಲ್ಲ. ಅದನ್ನು ಕಂಡು ಕೆಲವರು `>` ಇದ್ದ ಜಾಗಕ್ಕೆ `>=` ಹಾಕಿ ಸರಿ ಮಾಡಿದೆವು ಅಂದುಕೊಳ್ಳುತ್ತಾರೆ. ಆಗ ಸಿಗ್ನಲ್‌ಗಳು ಬರುತ್ತವೆ, ಆದರೆ ಕೊಂಡ ಬೆಲೆ ಅಂತ ಆ ದಿನದ ತುತ್ತತುದಿಯ ಬೆಲೆ ನಮೂದಾಗುತ್ತದೆ. ಅಲ್ಲಿಂದ ಮುಂದಿನ ಲೆಕ್ಕವೆಲ್ಲ ತಪ್ಪು.

ಗೆರೆ ದಾಟಿದ ಕೂಡಲೇ ಕೊಳ್ಳಬೇಕಾ, ಇಲ್ಲ ಕ್ಲೋಸ್ ಆಗೋವರೆಗೆ ಕಾಯಬೇಕಾ?

ಟರ್ಟಲ್‌ಗಳು ಕಾಯುತ್ತಿರಲಿಲ್ಲ. ಹಿಂದಿನ 20 ದಿನದ ಹೈಗಿಂತ ಒಂದು ಟಿಕ್ ಮೇಲೆ ಹೋದರೂ ಕೊಳ್ಳುತ್ತಿದ್ದರು. ಕ್ಲೋಸ್‌ವರೆಗೆ ಕಾಯುವುದೂ ತಪ್ಪಲ್ಲ, ಆದರೆ ಅದು ಬೇರೆ ನಿಯಮ.

ಕಾದರೆ ಸಿಗುವ ಲಾಭ: ಮಧ್ಯಾಹ್ನ ಗೆರೆ ದಾಟಿ ಸಂಜೆಗೆ ಒಳಗೆ ಬಂದುಬಿಡುವ ಸುಳ್ಳು ಬ್ರೇಕೌಟ್‌ಗಳು ಒಂದಷ್ಟು ತಪ್ಪುತ್ತವೆ. ಕಳೆದುಕೊಳ್ಳುವುದು: ನಿಜವಾದ ಬ್ರೇಕೌಟ್ ದಿನ ಬೆಲೆ ಒಂದೇ ಓಟ ಓಡುತ್ತದೆ, ಕ್ಲೋಸ್‌ಗೆ ಕೊಂಡರೆ ಬಹಳ ಮೇಲೆ ಕೊಂಡಂತೆ. ಕ್ರೂಡ್‌ನಲ್ಲಿ ಇದು ಜಾಸ್ತಿ. ಅಮೆರಿಕದ ತೈಲ ದಾಸ್ತಾನಿನ ವರದಿ ಸಾಮಾನ್ಯವಾಗಿ ಬುಧವಾರ ನಮ್ಮ ಗಡಿಯಾರದಲ್ಲಿ ರಾತ್ರಿ 8ಕ್ಕೆ ಬರುತ್ತದೆ, ಅಲ್ಲಿನ ಚಳಿಗಾಲದಲ್ಲಿ 9ಕ್ಕೆ. ಆ ಕೆಲವು ನಿಮಿಷಗಳಲ್ಲಿ ಇಡೀ ದಿನದ ಓಡಾಟ ಮುಗಿದಿರುತ್ತದೆ.

ನನ್ನ ಒಲವು ಕೂಡಲೇ ಕೊಳ್ಳುವ ಕಡೆಗೆ. ಆರ್ಡರ್ ಮೊದಲೇ ಹಾಕಿಡಬಹುದು, ಪರದೆ ನೋಡುತ್ತಾ ಕೂತು ಮನಸ್ಸು ಬದಲಿಸಲು ಅವಕಾಶ ಇರುವುದಿಲ್ಲ. ಯಾವುದನ್ನಾದರೂ ಆರಿಸಿ, ಆದರೆ ಒಂದು ಟ್ರೇಡ್‌ಗೆ ಇದು, ಇನ್ನೊಂದಕ್ಕೆ ಅದು ಅಂತ ಮಾಡಬೇಡಿ. ಆಗ ಪರೀಕ್ಷೆ ಮಾಡಿದ್ದು ಒಂದು, ಪಾಲಿಸುವುದು ಇನ್ನೊಂದು ಆಗುತ್ತದೆ.

ಆರ್ಡರ್ ಟ್ರಿಗರ್ ಆಯ್ತು, ಆದ್ರೆ ನನಗೆ ಸಿಗಲೇ ಇಲ್ಲ. ಬೆಲೆ ಓಡಿ ಹೋಯ್ತು. ಏನಾಯ್ತು?

ಬಹುಶಃ ಟ್ರಿಗರ್ ಮತ್ತು ಲಿಮಿಟ್ ತೀರಾ ಹತ್ತಿರ ಇಟ್ಟಿದ್ದೀರಿ. ಎಸ್‌ಎಲ್ ಆರ್ಡರ್‌ನಲ್ಲಿ ಎರಡು ಬೆಲೆ ಇರುತ್ತವೆ. ಟ್ರಿಗರ್ ಮುಟ್ಟಿದಾಗ ಆರ್ಡರ್ ಎಚ್ಚರವಾಗುತ್ತದೆ. ಆಮೇಲೆ ಅದು ಮಾಮೂಲಿ ಲಿಮಿಟ್ ಆರ್ಡರ್, ಆ ಬೆಲೆಗಿಂತ ಮೇಲೆ ಕೊಳ್ಳುವುದಿಲ್ಲ.

20 ದಿನದ ಹೈ 5,912 ಇದೆ ಅಂದುಕೊಳ್ಳಿ. ಟ್ರಿಗರ್ 5,913, ಲಿಮಿಟ್ 5,915. ಬೆಳಿಗ್ಗೆ ಮಾರುಕಟ್ಟೆ ಸೀದಾ 5,960ಕ್ಕೆ ತೆರೆಯಿತು. ಟ್ರಿಗರ್ ಆಯಿತು, ಆದರೆ 5,915ಕ್ಕೆ ಕೊಡುವವರು ಯಾರೂ ಇಲ್ಲ. ನಿಮ್ಮ ಆರ್ಡರ್ ಅಲ್ಲೇ ಕೂತಿರುತ್ತದೆ. ಬೆಲೆ ವಾಪಸ್ ಬಂದರೆ ಮಾತ್ರ ಸಿಗುತ್ತದೆ, ಅಂದರೆ ಬ್ರೇಕೌಟ್ ಸೋತಾಗ ಮಾತ್ರ. ಗೆಲ್ಲುವವು ತಪ್ಪಿ ಸೋಲುವವು ಕೈಗೆ ಬರುವ ಏರ್ಪಾಡು ಇದು!

ಲಿಮಿಟನ್ನು ಟ್ರಿಗರ್‌ಗಿಂತ ಸಾಕಷ್ಟು ಮೇಲಿಡಿ. ಒಂದು ದಿನದ ಸಾಮಾನ್ಯ ಓಡಾಟದ ಅರ್ಧದಷ್ಟು ಅಂತರ ಕೊಟ್ಟರೆ ಹೆಚ್ಚಿನ ಗ್ಯಾಪ್‌ಗಳು ಅದರೊಳಗೆ ಬರುತ್ತವೆ. ಅದನ್ನೂ ಮೀರಿ ತೆರೆದರೆ ಏನು ಮಾಡುತ್ತೀರಿ ಅಂತ ಹಿಂದಿನ ರಾತ್ರಿಯೇ ತೀರ್ಮಾನಿಸಿಡಿ.

ಕೊಂಡಾಯ್ತು. ಹೊರಗೆ ಬರೋದು ಯಾವಾಗ? ಟಾರ್ಗೆಟ್ ಎಷ್ಟು ಇಡಬೇಕು?

ಟಾರ್ಗೆಟ್ ಇಲ್ಲ. ಕೆಲವೇ ದೊಡ್ಡ ಟ್ರೇಡ್‌ಗಳು ಉಳಿದೆಲ್ಲ ಸೋಲುಗಳಿಗೆ ದುಡ್ಡು ಕೊಡುತ್ತವೆ. ಟಾರ್ಗೆಟ್ ಇಟ್ಟರೆ ಆ ಕೆಲವನ್ನೇ ಮೊಟಕು ಮಾಡಿದಂತೆ.

ಹೊರಗೆ ಬರಲು ಎರಡು ಬಾಗಿಲು. ಮೊದಲನೆಯದು ಸ್ಟಾಪ್‌ಲಾಸ್, ಕೊಂಡ ಬೆಲೆಯಿಂದ ಎರಡು ಎನ್ ಕೆಳಗೆ. ಎನ್ ಅಂದರೆ ಒಂದು ದಿನದ ಸರಾಸರಿ ಓಡಾಟ, 20 ದಿನದ ಎಟಿಆರ್. ಎರಡನೆಯದು 10 ದಿನದ ಲೋ. ಬೆಲೆ ಅದನ್ನು ದಾಟಿ ಕೆಳಗಿಳಿದರೆ ಮಾರಿ. ಯಾವುದು ಮೊದಲು ಮುಟ್ಟುತ್ತದೋ ಅದು. ಶುರುವಿನಲ್ಲಿ ಸಾಮಾನ್ಯವಾಗಿ ಸ್ಟಾಪ್‌ಲಾಸ್ ಹತ್ತಿರ ಇರುತ್ತದೆ, ಬೆಲೆ ಏರುತ್ತಾ ಹೋದಂತೆ 10 ದಿನದ ಲೋ ಅದನ್ನು ದಾಟಿ ಮೇಲೆ ಬರುತ್ತದೆ.

ಒಳಗೆ ಹೋಗಲು 20, ಹೊರಗೆ ಬರಲು 10 ಯಾಕೆ? 20 ದಿನದ ಲೋ ಕಾಯುತ್ತಾ ಕೂತರೆ ಬಂದ ಲಾಭದ ಬಹುಪಾಲು ವಾಪಸ್ ಹೋಗಿರುತ್ತದೆ. 3 ದಿನದ ಲೋ ಇಟ್ಟರೆ ಸಣ್ಣ ಕೆಮ್ಮಿಗೂ ಹೊರಗೆ ಬೀಳುತ್ತೀರಿ. 10 ಅನ್ನುವುದು ನಡುವಿನ ರಾಜಿ.

ಒಂದು ಟ್ರೇಡನ್ನ ಶುರುವಿಂದ ಕೊನೆವರೆಗೂ ಲೆಕ್ಕ ಹಾಕಿ ತೋರಿಸ್ತೀರಾ?

ಖಾತೆಯಲ್ಲಿ 5 ಲಕ್ಷ ಇದೆ. ಎನ್ ₹140. ಎಕ್ಸ್‌ಪೈರಿ ಸದ್ಯಕ್ಕೆ ದೂರ ಇದೆ ಅಂದುಕೊಳ್ಳಿ.

ಮೊದಲು ಎಷ್ಟು ಲಾಟ್ ಅಂತ ನೋಡೋಣ. ಟರ್ಟಲ್ ಲೆಕ್ಕದಲ್ಲಿ ಬೆಲೆ ಒಂದು ಎನ್ ಅಲುಗಾಡಿದರೆ ಖಾತೆಯ 1% ಅಲುಗಾಡಬೇಕು, ಅಂದರೆ ₹5,000. ಒಂದು ಮಿನಿ ಲಾಟ್ 140 ರೂಪಾಯಿ ಅಲುಗಾಡಿದರೆ ₹1,400. ಭಾಗಿಸಿದರೆ ಮೂರೂವರೆ ಚಿಲ್ಲರೆ. ಮೂರು ಲಾಟ್ ತೆಗೆದುಕೊಳ್ಳಿ. ಯಾವಾಗಲೂ ಕೆಳಗಿನ ಸಂಖ್ಯೆಗೇ ಇಳಿಸಿ, ಮೇಲಕ್ಕೆ ಏರಿಸಬೇಡಿ.

20 ದಿನದ ಹೈ 5,912. 5,913ಕ್ಕೆ ಮೂರು ಲಾಟ್ ಸಿಕ್ಕಿತು. ಸ್ಟಾಪ್‌ಲಾಸ್ ₹280 ಕೆಳಗೆ, 5,633. ಅದು ಮುಟ್ಟಿದರೆ ಹೋಗುವುದು ₹8,400, ಖಾತೆಯ ಎರಡು ಪರ್ಸೆಂಟ್‌ಗಿಂತ ಸ್ವಲ್ಪ ಕಮ್ಮಿ. ಅವತ್ತಿನ 10 ದಿನದ ಲೋ 5,585, ಸ್ಟಾಪ್‌ಲಾಸ್‌ಗಿಂತ ಕೆಳಗೆ. ಹಾಗಾಗಿ ಸದ್ಯಕ್ಕೆ ಲೆಕ್ಕಕ್ಕೆ ಬರುವುದು ಸ್ಟಾಪ್‌ಲಾಸ್ ಮಾತ್ರ.

ಮೊದಲ ವಾರ ಬೆಲೆ 5,850ಕ್ಕೆ ಇಳಿದು ಹೆದರಿಸಿತು. ಏನೂ ಮಾಡುವ ಹಾಗಿಲ್ಲ, 5,633 ಇನ್ನೂ ದೂರ ಇದೆ. ಆಮೇಲೆ ಏರತೊಡಗಿತು. ಕೆಲವು ವಾರಗಳಲ್ಲಿ 10 ದಿನದ ಲೋ 6,105ಕ್ಕೆ ಬಂತು. ಇನ್ನು ಸೋಲುವುದು ಕಷ್ಟ. ಕೊನೆಗೆ ಬೆಲೆ 6,700 ಮುಟ್ಟಿತು. ಆ ಹೊತ್ತಿಗೆ ಪರದೆಯ ಮೇಲೆ ಲಾಭ ₹23,610.

ಅಲ್ಲಿಂದ ಇಳಿಯಿತು. ಆಗ 10 ದಿನದ ಲೋ 6,410. ಅದನ್ನು ದಾಟಿದಾಗ 6,409ಕ್ಕೆ ಮಾರಾಟ. ಕೈಗೆ ಬಂದದ್ದು ₹14,880, ಬ್ರೋಕರೇಜ್ ಮತ್ತು ತೆರಿಗೆ ಕಳೆಯುವ ಮೊದಲು. ಪರದೆಯ ಮೇಲೆ ಕಂಡು ಮಾಯವಾದದ್ದು ₹8,730. ಮೂರನೇ ಒಂದು ಪಾಲಿಗಿಂತ ಜಾಸ್ತಿ ವಾಪಸ್ ಕೊಟ್ಟೆವು, ಅದೂ ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೆ. ಜನ ಈ ನಿಯಮವನ್ನು ಬಿಡುವುದು ಸೋತಾಗ ಅಲ್ಲ, ಹೆಚ್ಚಾಗಿ ಇಂಥ ಗೆಲುವಿನ ನಂತರ. ಮುಂದಿನ ಸಲ 6,700 ಹತ್ತಿರವೇ ಮಾರುತ್ತೇನೆ ಅಂತ ತೀರ್ಮಾನಿಸುತ್ತಾರೆ. ಮುಂದಿನ ಸಲ ಬೆಲೆ 8,000ಕ್ಕೆ ಹೋಗುತ್ತದೆ.

## ಸ್ವಲ್ಪ ಕಷ್ಟದ್ದು

ಸತತವಾಗಿ ಆರು ಸಲ ಸ್ಟಾಪ್‌ಲಾಸ್ ಹೊಡೀತು. ಈ ನಿಯಮ ಈಗ ಕೆಲಸ ಮಾಡಲ್ವಾ?

ಆರು ಸೋಲಿನಿಂದ ಅದು ಗೊತ್ತಾಗುವುದಿಲ್ಲ. ನೂರರಲ್ಲಿ 35 ಟ್ರೇಡ್ ಗೆಲ್ಲುವ ವ್ಯವಸ್ಥೆ ಅಂದುಕೊಳ್ಳಿ. ಯಾವುದೇ ಆರು ಟ್ರೇಡ್ ತೆಗೆದರೂ ಆರೂ ಸೋಲುವ ಸಾಧ್ಯತೆ 7%ಗಿಂತ ಜಾಸ್ತಿ. ವರ್ಷಗಟ್ಟಲೆ ಟ್ರೇಡ್ ಮಾಡುವವರಿಗೆ ಇದು ಬಂದೇ ಬರುತ್ತದೆ. ಎಂಟು, ಹತ್ತು ಸತತ ಸೋಲುಗಳೂ ಬರುತ್ತವೆ. ಜೊತೆಗೆ ಸೈಡ್‌ವೇಸ್ ಮಾರುಕಟ್ಟೆಯಲ್ಲಿ ಸೋಲುಗಳು ಗುಂಪಾಗಿಯೇ ಬರುತ್ತವೆ. ಬೆಲೆ ಗೆರೆಯನ್ನು ಹತ್ತು ರೂಪಾಯಿ ದಾಟುತ್ತದೆ, ನಮ್ಮನ್ನು ಒಳಗೆ ಎಳೆಯುತ್ತದೆ, ವಾಪಸ್ ಕೆಳಗಿನ ಗೆರೆಗೆ ಹೋಗುತ್ತದೆ.

ನೋಡಬೇಕಾದ್ದು ಸೋಲುಗಳ ಗಾತ್ರ. ಆರೂ ಸಲ ಸರಿಸುಮಾರು ಲೆಕ್ಕ ಹಾಕಿದಷ್ಟೇ ಹೋಗಿದ್ದರೆ ನಿಯಮ ತನ್ನ ಪಾಡಿಗೆ ನಡೆಯುತ್ತಿದೆ. ಲೆಕ್ಕದ ದುಪ್ಪಟ್ಟು ಹೋಗಿದ್ದರೆ ಬಯಸಿದ ಬೆಲೆಗೆ ಆರ್ಡರ್ ಆಗದ ಸ್ಲಿಪೇಜ್ ಇದೆ, ಇಲ್ಲವೇ ವಹಿವಾಟು ಕಮ್ಮಿ ಇರುವ ಕಾಂಟ್ರಾಕ್ಟ್ ಆರಿಸಿದ್ದೀರಿ, ಇಲ್ಲವೇ ಸ್ಟಾಪ್‌ಲಾಸನ್ನು ಕೈಯಾರೆ ಕೆಳಗೆ ಸರಿಸಿದ್ದೀರಿ. ಮೂರೂ ರಿಪೇರಿ ಮಾಡಬಹುದಾದವು.

ಗೆಲುವಿನ ಗಾತ್ರವನ್ನೂ ನೋಡಿ. ಮೂರರಲ್ಲಿ ಒಂದೇ ಗೆಲ್ಲುವುದಾದರೆ, ಸರಾಸರಿ ಗೆಲುವು ಸರಾಸರಿ ಸೋಲಿನ ಎರಡರಷ್ಟಕ್ಕಿಂತ ಜಾಸ್ತಿ ಇರಲೇಬೇಕು. ಇಲ್ಲದಿದ್ದರೆ ಖರ್ಚು ಕಳೆದ ಮೇಲೆ ಖಾತೆ ಕರಗುತ್ತದೆ.

"ಹಿಂದಿನ ಬ್ರೇಕೌಟ್ ಲಾಭ ಕೊಟ್ಟಿದ್ರೆ ಈಗಿನದನ್ನ ಬಿಡಿ" ಅಂತ ಟರ್ಟಲ್ ನಿಯಮ ಇದೆಯಂತೆ. ನಿಜವಾ? ವಿಚಿತ್ರ ಅನಿಸುತ್ತೆ.

ನಿಜ. 20 ದಿನದ ಪದ್ಧತಿಗೆ ಮಾತ್ರ ಅದು. ದೊಡ್ಡ ಟ್ರೆಂಡ್ ಮುಗಿದ ಮೇಲೆ ಮಾರುಕಟ್ಟೆ ಸುಸ್ತಾಗಿ ಅತ್ತಿತ್ತ ಒದ್ದಾಡುತ್ತದೆ ಎನ್ನುವುದು ಅದರ ಹಿಂದಿನ ಅಂದಾಜು. ಹಿಂದಿನದನ್ನು ನೀವು ತೆಗೆದುಕೊಂಡಿರಲಿ ಬಿಡಲಿ, ಕಾಗದದ ಮೇಲೆ ಅದು ಲಾಭವೋ ನಷ್ಟವೋ ಅಂತಷ್ಟೇ ನೋಡಬೇಕು. ನಷ್ಟ ಅಂದರೆ ಲಾಭದಲ್ಲಿ ಹೊರಬರುವ ಮೊದಲೇ ಬೆಲೆ ಎರಡು ಎನ್ ವಿರುದ್ಧ ಹೋಗಿದ್ದು.

ಅರ್ಧ ಕೇಳಿಸಿಕೊಂಡವರು ಬಿಟ್ಟುಬಿಡುವ ಭಾಗ ಇನ್ನೊಂದಿದೆ. ಬಿಟ್ಟ ಬ್ರೇಕೌಟ್ ಮುಂದುವರಿದು 55 ದಿನದ ಹೈ ದಾಟಿದರೆ ಕೊಳ್ಳಲೇಬೇಕು, ಅಲ್ಲಿ ಈ ಶರತ್ತು ಇಲ್ಲ. ಯಾಕೆಂದರೆ ಬಿಟ್ಟದ್ದೇ ವರ್ಷದ ದೊಡ್ಡ ಟ್ರೆಂಡ್ ಆಗಬಹುದು. ಶರತ್ತು ಇಟ್ಟುಕೊಂಡು 55ರ ಕಾವಲು ಇಲ್ಲದಿದ್ದರೆ, ಶರತ್ತೇ ಇಲ್ಲದಿರುವುದು ವಾಸಿ.

ಏರುತ್ತಾ ಹೋದಂತೆ ಇನ್ನಷ್ಟು ಸೇರಿಸೋದು ಹೇಗೆ? ಲಾಭ ಜಾಸ್ತಿ ಆಗುತ್ತಲ್ವಾ?

ಆಗುತ್ತದೆ. ಮೊದಲು ಇನ್ನೊಂದು ಬದಿ ನೋಡೋಣ. ಟರ್ಟಲ್ ನಿಯಮದಲ್ಲಿ ಬೆಲೆ ಅರ್ಧ ಎನ್ ಏರಿದಾಗಲೆಲ್ಲ ಇನ್ನೊಂದು ಪಾಲು ಸೇರಿಸುತ್ತಾರೆ, ಒಟ್ಟು ನಾಲ್ಕು ಪಾಲಿನವರೆಗೆ. ಪ್ರತಿ ಸಲ ಹಳೆಯ ಸ್ಟಾಪ್‌ಲಾಸ್‌ಗಳನ್ನೂ ಅರ್ಧ ಎನ್ ಮೇಲೆತ್ತುತ್ತಾರೆ.

5 ಲಕ್ಷದ ಖಾತೆ, ಎನ್ ₹140, ಒಂದು ಪಾಲು ಅಂದರೆ ಮೂರು ಮಿನಿ ಲಾಟ್. ಮೊದಲ ಪಾಲು 5,913ಕ್ಕೆ. ಉಳಿದವು 5,983, 6,053, 6,123ಕ್ಕೆ ಸೇರಿದವು. ಈಗ ಕೈಯಲ್ಲಿ 12 ಲಾಟ್, ಎಲ್ಲದರ ಸ್ಟಾಪ್‌ಲಾಸ್ 5,843. ಬೆಲೆ ಅಲ್ಲೇ ತಿರುಗಿ 5,843ಕ್ಕೆ ಬಂದರೆ ಹೋಗುವುದು ₹21,000, ಖಾತೆಯ 4.2%. ಬೆಲೆ ಮೊದಲು ಕೊಂಡ ಜಾಗದಿಂದ ಬರೀ 70 ರೂಪಾಯಿ ಕೆಳಗಿದೆ ಅಷ್ಟೇ. ಒಂದೇ ಪಾಲು ಇಟ್ಟುಕೊಂಡವನು ಇನ್ನೂ ಟ್ರೇಡ್‌ನಲ್ಲೇ ಇದ್ದಾನೆ, ಅವನ ಸ್ಟಾಪ್‌ಲಾಸ್ 5,633ರಲ್ಲಿದೆ.

ಇನ್ನು ಒಳ್ಳೆಯ ಬದಿ. ಬೆಲೆ 6,700ಕ್ಕೆ ಹೋಗಿ 6,409ಕ್ಕೆ ಹೊರಬಂದರೆ ನಾಲ್ಕು ಪಾಲಿನ ಲಾಭ ₹46,920. ಒಂದೇ ಪಾಲಿನವನಿಗೆ ₹14,880.

ಅಂದರೆ ಸೇರಿಸುವುದರಿಂದ ದೊಡ್ಡ ಟ್ರೆಂಡ್ ಇನ್ನೂ ದೊಡ್ಡದಾಗುತ್ತದೆ, ಅರ್ಧಕ್ಕೆ ನಿಂತ ಟ್ರೆಂಡ್ ಸಣ್ಣ ಸೋಲಿನ ಬದಲು ದೊಡ್ಡ ಸೋಲಾಗುತ್ತದೆ. ಒಂದು ವರ್ಷ ಒಂದೇ ಪಾಲಿನಲ್ಲಿ ಮಾಡಿ ನೋಡದವರು ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ತಿಂಗಳಿಗೊಂದು ಎಕ್ಸ್‌ಪೈರಿ. 20 ದಿನದ ಹೈ ಯಾವ ಕಾಂಟ್ರಾಕ್ಟ್‌ದು ನೋಡಬೇಕು?

ಕ್ರೂಡ್ ಟ್ರೇಡ್ ಮಾಡುವವರು ಕೇಳಲೇಬೇಕಾದ ಪ್ರಶ್ನೆ. 20 ವಹಿವಾಟಿನ ದಿನ ಅಂದರೆ ಹೆಚ್ಚುಕಮ್ಮಿ ಒಂದು ತಿಂಗಳು. ಹಾಗಾಗಿ ಚಾನೆಲ್ ಯಾವಾಗಲೂ ಎರಡು ಕಾಂಟ್ರಾಕ್ಟ್‌ಗಳ ಮೇಲೆ ಕೂತಿರುತ್ತದೆ.

ಹಳೆಯ ಕಾಂಟ್ರಾಕ್ಟ್ 5,900ರಲ್ಲಿ, ಮುಂದಿನದು 5,960ರಲ್ಲಿ ಇದೆ ಅಂದುಕೊಳ್ಳಿ. ಎರಡನ್ನೂ ಸುಮ್ನೆ ಅಂಟಿಸಿದ ಚಾರ್ಟ್‌ನಲ್ಲಿ ರೋಲ್‌ಓವರ್ ದಿನ ಬೆಲೆ 60 ರೂಪಾಯಿ ಹಾರಿದಂತೆ ಕಾಣುತ್ತದೆ. ಹಳೆಯ ಹೈ 5,912 ಇದ್ದರೆ ಅದು ಬ್ರೇಕೌಟ್! ನಿಜದಲ್ಲಿ ಎಣ್ಣೆ ಒಂದು ಪೈಸೆಯೂ ಏರಿಲ್ಲ.

ಎರಡು ದಾರಿಗಳಿವೆ. ಈಗ ಟ್ರೇಡ್ ಮಾಡುತ್ತಿರುವ ಕಾಂಟ್ರಾಕ್ಟ್‌ನ ಸ್ವಂತ ಇತಿಹಾಸವನ್ನೇ ನೋಡಬಹುದು. ಅದು ತಿಂಗಳುಗಳ ಹಿಂದೆಯೇ ಶುರುವಾಗಿರುತ್ತದೆ. ಆದರೆ ಆಗ ವಹಿವಾಟು ತೆಳುವಾಗಿದ್ದರಿಂದ ಒಂದೆರಡು ಕ್ಯಾಂಡಲ್‌ಗಳಿಗೆ ಅರ್ಥವಿಲ್ಲದ ಬಾಲ ಇರಬಹುದು, ಹತ್ತಿರದ ಕಾಂಟ್ರಾಕ್ಟ್‌ನ ಅದೇ ದಿನದ ಜೊತೆ ಹೋಲಿಸಿ. ಇಲ್ಲದಿದ್ದರೆ ಹಳೆಯ ಕಾಂಟ್ರಾಕ್ಟ್‌ನ ಎಲ್ಲ ಬೆಲೆಗಳಿಗೂ ಆ 60 ಸೇರಿಸಿ ಜೋಡಿಸಿ. ಲೈವ್ ಟ್ರೇಡ್‌ಗೆ ಮೊದಲನೆಯದು, ಬ್ಯಾಕ್‌ಟೆಸ್ಟ್‌ಗೆ ಎರಡನೆಯದು ಅನುಕೂಲ.

ದೀಪಾವಳಿ ಮುಹೂರ್ತದ ಒಂದು ಗಂಟೆ ವಹಿವಾಟೂ ಒಂದು ದಿನ ಅಂತ ಲೆಕ್ಕವಾ?

ಹೆಚ್ಚಿನ ಡೇಟಾದಲ್ಲಿ ಅದಕ್ಕೆ ಬೇರೆ ಕ್ಯಾಂಡಲ್ ಇರುತ್ತದೆ, ಹಾಗಾಗಿ ಸಾಫ್ಟ್‌ವೇರ್ ಎಣಿಸಿಬಿಡುತ್ತದೆ. ಅದರ ಪರಿಣಾಮ ಸಣ್ಣದು: ಒಂದು ಹಳೆಯ ದಿನ ಬೇಗ ಹೊರಗೆ ಬೀಳುತ್ತದೆ, ಎನ್ ತುಸು ಕುಗ್ಗುತ್ತದೆ. ಆ ಕ್ಯಾಂಡಲನ್ನು ಮುಂದಿನ ದಿನಕ್ಕೆ ಸೇರಿಸಿಬಿಡುವುದು ಅಚ್ಚುಕಟ್ಟು. ಬಜೆಟ್‌ಗಾಗಿ ಶನಿವಾರ ಪೂರ್ತಿ ತೆರೆದರೆ ಅದು ಮಾಮೂಲಿ ದಿನವೇ.

ಷೇರುಗಳಿಗೂ ಇದೇ ನಿಯಮ ನಡೆಯುತ್ತಾ?

ಕೊಳ್ಳುವ ಬದಿ ನಡೆಯುತ್ತದೆ, ಆದರೆ ಮೂರು ಕಡೆ ಎಡವಬಹುದು. ಕ್ಯಾಷ್ ಮಾರುಕಟ್ಟೆಯಲ್ಲಿ ಶಾರ್ಟ್ ಮಾಡಿ ಮರುದಿನಕ್ಕೆ ಇಟ್ಟುಕೊಳ್ಳುವಂತಿಲ್ಲ, ಅರ್ಧ ನಿಯಮ ಅಲ್ಲೇ ಹೋಯಿತು. ಬೋನಸ್, ಸ್ಪ್ಲಿಟ್ ಆದಾಗ ಹಳೆಯ ಬೆಲೆಗಳನ್ನು ಸರಿಹೊಂದಿಸದಿದ್ದರೆ, ಮೇಲಿನ ಗೆರೆ ಎಲ್ಲೋ ಆಕಾಶದಲ್ಲಿರುತ್ತದೆ ಮತ್ತು ಕೆಳಗಿನ ಗೆರೆ ಸುಳ್ಳುಸುಳ್ಳೇ ಒಡೆಯುತ್ತದೆ. ಸಣ್ಣ ಷೇರುಗಳಲ್ಲಿ ಬ್ರೇಕೌಟ್ ದಿನವೇ ಅಪ್ಪರ್ ಸರ್ಕ್ಯೂಟ್ ಬಿದ್ದು ಮಾರುವವರೇ ಇರುವುದಿಲ್ಲ. ಇಳಿಯುವಾಗ ಲೋವರ್ ಸರ್ಕ್ಯೂಟ್ ಬಿದ್ದರೆ ಕೊಳ್ಳುವವರೂ ಇರುವುದಿಲ್ಲ. ಚಾರ್ಟ್ ಮೇಲೆ ಅದು ಸುಂದರ ಟ್ರೇಡ್, ಖಾತೆಯಲ್ಲಿ ಆಗದ ಟ್ರೇಡ್.

ಬ್ಯಾಕ್‌ಟೆಸ್ಟ್ ಚೆನ್ನಾಗಿ ಬರುತ್ತೆ, ನಿಜವಾಗಿ ಮಾಡಿದ್ರೆ ಅರ್ಧವೂ ಬರಲ್ಲ. ಎಲ್ಲಿ ಸೋರ್ತಿದೆ?

ಮೊದಲು ಕೊಂಡ ಬೆಲೆ ನೋಡಿ. ಗೆರೆ 5,912ರಲ್ಲಿದ್ದು ಮಾರುಕಟ್ಟೆ 5,960ಕ್ಕೆ ತೆರೆದ ದಿನ ನಿಮ್ಮ ಪ್ರೋಗ್ರಾಂ ಎಷ್ಟಕ್ಕೆ ಕೊಂಡಿದೆ? 5,913 ಅಂತ ಇದ್ದರೆ ಅದು ಇಲ್ಲದ ಬೆಲೆ. ಸರಿಯಾದದ್ದು ಹೀಗೆ:

```python
fill = max(open_, upper + tick)
```

ಬಲವಾದ ಟ್ರೆಂಡ್‌ಗಳು ಎಷ್ಟೋ ಸಲ ಗ್ಯಾಪ್‌ನಿಂದಲೇ ಶುರುವಾಗುತ್ತವೆ. ಹಾಗಾಗಿ ಈ ತಪ್ಪು ಒಳ್ಳೆಯ ಟ್ರೇಡ್‌ಗಳನ್ನೇ ಇನ್ನೂ ಒಳ್ಳೆಯದಾಗಿ ತೋರಿಸುತ್ತದೆ. ಹೊರಬರುವಾಗಲೂ ಇದೇ ಲೆಕ್ಕ, ಉಲ್ಟಾ: ಸ್ಟಾಪ್‌ಲಾಸ್‌ಗಿಂತ ಕೆಳಗೆ ತೆರೆದರೆ ತೆರೆದ ಬೆಲೆಯೇ ನಿಮ್ಮ ಬೆಲೆ.

ಎರಡನೆಯದು, ಒಂದೇ ದಿನ ಎಂಟ್ರಿಯೂ ಸ್ಟಾಪ್‌ಲಾಸೂ ಎರಡೂ ಮುಟ್ಟಿದ್ದರೆ ಯಾವುದು ಮೊದಲು ಅಂತ ದಿನದ ಕ್ಯಾಂಡಲ್ ಹೇಳುವುದಿಲ್ಲ. ಕೆಟ್ಟದ್ದೇ ಆಯಿತು ಅಂತ ಬರೆದುಕೊಳ್ಳಿ.

ಮೂರನೆಯದು ಸಂಖ್ಯೆಯ ಆಯ್ಕೆ. 20ರ ಬದಲು 23 ಇಟ್ಟರೆ ಲಾಭ ದುಪ್ಪಟ್ಟು ಅಂತ ಕಂಡರೆ ಖುಷಿಪಡಬೇಡಿ. 22, 24 ಇಟ್ಟು ನೋಡಿ. ಅಕ್ಕಪಕ್ಕದಲ್ಲಿ ಕುಸಿದರೆ, 23 ಹಿಡಿದದ್ದು ಯಾವುದೋ ಒಂದು ಟ್ರೇಡ್‌ನ ಅದೃಷ್ಟವನ್ನು. ಅದನ್ನು ಹುಡುಕಿ ತೆಗೆದುಹಾಕಿ ಮತ್ತೆ ಲೆಕ್ಕ ಹಾಕಿ.

ಸ್ಟಾಪ್‌ಲಾಸ್ ಹಾಕಿದ್ದೇನೆ, 10 ದಿನದ ಲೋ ಕೂಡ ಇದೆ. ಅದಕ್ಕಿಂತ ಜಾಸ್ತಿ ನಷ್ಟ ಆಗೋಕೆ ಸಾಧ್ಯವೇ ಇಲ್ಲ ತಾನೇ?

ಸಾಧ್ಯ. ಸ್ಟಾಪ್‌ಲಾಸ್ ಕೆಲಸ ಮಾಡಲು ಮಾರುಕಟ್ಟೆ ತೆರೆದಿರಬೇಕು, ಎದುರಿಗೆ ಒಬ್ಬ ಕೊಳ್ಳುವವನು ಇರಬೇಕು.

2020ರ ಏಪ್ರಿಲ್ 20 ಎಂಸಿಎಕ್ಸ್ ಕ್ರೂಡ್ ಆಯಿಲ್‌ನ ಏಪ್ರಿಲ್ ಕಾಂಟ್ರಾಕ್ಟ್‌ನ ಕೊನೆಯ ದಿನ. ಲಾಕ್‌ಡೌನ್‌ನಿಂದಾಗಿ ವಹಿವಾಟು ಸಂಜೆ 5ಕ್ಕೇ ಮುಗಿಯುತ್ತಿತ್ತು. ಕೊನೆಯ ಬೆಲೆ ₹965. ಆ ರಾತ್ರಿ ನ್ಯೂಯಾರ್ಕ್‌ನಲ್ಲಿ ಮೇ ತಿಂಗಳ ಕಾಂಟ್ರಾಕ್ಟ್ ಸೊನ್ನೆಗಿಂತ ಕೆಳಗೆ, ಮೈನಸ್ 37.63 ಡಾಲರ್‌ಗೆ ಮುಗಿಯಿತು. ಎಂಸಿಎಕ್ಸ್ ತನ್ನ ಕಾಂಟ್ರಾಕ್ಟನ್ನು ಮೈನಸ್ ₹2,884ಕ್ಕೆ ಇತ್ಯರ್ಥ ಮಾಡಿತು. 100 ಬ್ಯಾರೆಲ್‌ನ ಒಂದು ಲಾಟ್ ಹಿಡಿದು ಮನೆಗೆ ಹೋದವರಿಗೆ ₹965ರಿಂದ ಲೆಕ್ಕ ಹಾಕಿದರೆ ₹3,84,900 ಹೋಯಿತು. ಯಾವ ಸ್ಟಾಪ್‌ಲಾಸೂ ಓಡಲಿಲ್ಲ, ಓಡಲು ಮಾರುಕಟ್ಟೆಯೇ ಇರಲಿಲ್ಲ.

ಚಾನೆಲ್ ನಿಯಮ ಪಾಲಿಸುವವರು ಅವತ್ತು ಕೊಂಡುಕೊಂಡು ಕೂತಿರುತ್ತಿರಲಿಲ್ಲ. ತೈಲ ಬೀಳುತ್ತಲೇ ಇತ್ತು, 20 ದಿನದ ಹೈ ಹತ್ತಿರವೂ ಇರಲಿಲ್ಲ. ಆದರೆ ಅದು ಆ ಸಲದ ದಿಕ್ಕು. ಮುಂದಿನ ಗ್ಯಾಪ್ ನಿಮ್ಮ ಪೊಸಿಷನ್‌ಗೆ ವಿರುದ್ಧವಾಗಿ ಬರಬಹುದು. ಹಾಗಾಗಿ ಕೊನೆಯ ದಿನದವರೆಗೆ ಕಾಯದೆ, ಎಕ್ಸ್‌ಪೈರಿಗೆ ನಾಲ್ಕೈದು ದಿನ ಇರುವಾಗಲೇ ಮುಂದಿನ ತಿಂಗಳಿಗೆ ದಾಟಿಕೊಳ್ಳಿ. ಒಂದು ಟ್ರೇಡ್‌ನಲ್ಲಿ ಖಾತೆಯ 2% ಹೋಗಬಹುದು ಅಂತ ಲೆಕ್ಕ ಹಾಕಿದ್ದರೆ, ಅದರ ಮೂರ್ನಾಲ್ಕು ಪಟ್ಟು ಹೋದರೂ ಮರುದಿನ ಟ್ರೇಡ್ ಮಾಡಲು ಆಗುವಷ್ಟೇ ಲಾಟ್ ಹಿಡಿಯಿರಿ.